ಮಾಸ್ತರರ ಮೂರು ಚುಕ್ಕಿ

ದಾವಲಮಲಿಕನ ಲ್ಯಾಬಿಗೆ ಕಂಪ್ಯೂಟರ್ ಬರುವುದಕ್ಕೆ ಮೊದಲು ಬಾಗೇವಾಡಿಯ ಮಂದಿ ರಕ್ತ ಕೊಟ್ಟೂ ಸುಖವಾಗಿದ್ದರು. ಅವನು ಅಂಗೈಯಗಲದ ಚೀಟಿಯ ಮೇಲೆ ನೀಲಿ ಮಸಿಯಲ್ಲಿ ಅಂಕಿ ಗೀಚಿ ಕೊಡುತ್ತಿದ್ದ. ಅದನ್ನು ಓದಲು ಡಾಕ್ಟರಿಗೊಬ್ಬರಿಗೆ ಬಿಟ್ಟರೆ ಯಾರಿಗೂ ಬರುತ್ತಿರಲಿಲ್ಲವಾದ್ದರಿಂದ ಹೆದರುವ ಪ್ರಸಂಗವೂ ಇರಲಿಲ್ಲ. ಕಂಪ್ಯೂಟರ್ ಬಂತು, ಎಲ್ಲರಿಗೂ ಓದಲು ಬಂತು. ಅಂಕಿಯ ಎದುರಿಗೆ ಅದು ಇಷ್ಟರಿಂದ ಇಷ್ಟರೊಳಗೆ ಇರಬೇಕು ಎಂಬ ಮಿತಿ. ಮಿತಿ ದಾಟಿದ ಅಂಕಿಗೆ ದಪ್ಪ ಅಕ್ಷರ, ಪಕ್ಕದಲ್ಲಿ ಒಂದು ಚುಕ್ಕಿ. ಬಡವನಾಗಲಿ ಬಲ್ಲಿದನಾಗಲಿ ಮನೆಗೆ ಹೋಗುವ ದಾರಿಯಲ್ಲೇ ತನ್ನ ಚುಕ್ಕಿ ಎಣಿಸಿಕೊಂಡು ಬೆವರಬಹುದಾದ ಅನುಕೂಲವಾಯಿತು.

ರಾಮಚಂದ್ರ ಮಾಸ್ತರರಿಗೆ ಮೂರು ಚುಕ್ಕಿ ಬಿದ್ದಿದ್ದವು.

ನಿಡಗುಂದಿಯ ಹೈಸ್ಕೂಲಿನಲ್ಲಿ ಅರ್ಧ ಆಯುಷ್ಯ ಗಣಿತ ಕಲಿಸಿ ನಿವೃತ್ತರಾದವರು ಅವರು. ಮೂವತ್ತೈದಕ್ಕೆ ಪಾಸು, ಮೂವತ್ನಾಲ್ಕಕ್ಕೆ ನಾಪಾಸು. ನಡುವೆ ದೇವರೂ ಕೈ ಹಾಕುವ ಹಾಗಿಲ್ಲ ಎಂಬ ನಂಬಿಕೆಯ ಮೇಲೆ ಅಷ್ಟು ವರ್ಷ ಬಾಳಿದ್ದರು. ಈಗ ಸ್ವಂತ ರಕ್ತದ ಅಂಕಪಟ್ಟಿ ಕೈಗೆ ಬಂದಾಗ ಅದೇ ನಂಬಿಕೆ ಅವರ ಕೊರಳಿಗೆ ಬಿತ್ತು. ಯೂರಿಯಾ ನಲವತ್ತೆಂಟು, ಮಿತಿ ನಲವತ್ತು. ಬಿಳಿ ರಕ್ತಕಣದಲ್ಲಿ ಇಯೋಸಿನೋಫಿಲ್ ಅಂತ ಒಂದು ಜಾತಿ; ಅದು ಏಳು, ಮಿತಿ ಆರು. ಇವೆರಡನ್ನು ಅವರು ಹೇಗೋ ಸಹಿಸುತ್ತಿದ್ದರು. ಮೂರನೆಯದು ಬಿಲಿರುಬಿನ್, ಪಿತ್ತದ ಹಳದಿ. ಎರಡು ಪಾಯಿಂಟ್ ನಾಲ್ಕು. ಮಿತಿ ಒಂದು ಪಾಯಿಂಟ್ ಎರಡು. ಸರಿಯಾಗಿ ಎರಡು ಪಟ್ಟು.

"ಇದು ಕಾಮಣಿ ಅಲ್ಲೇನೋ ಮಲಿಕ?" ಎಂದು ಅವರು ಲ್ಯಾಬಿನ ಬಾಗಿಲಲ್ಲೇ ನಿಂತು ಕೇಳಿದರು.

"ನಾ ಅಂಕಿ ಕೊಡಾಂವರಿ ಸರ್, ಅರ್ಥ ಹೇಳಾಂವಲ್ಲ," ಎಂದ ದಾವಲಮಲಿಕ. "ಡಾಕ್ಟರ್ ಮೇಡಂ ಬರಲಿ, ಅವ್ರಿಗೆ ತೋರಸ್ರಿ. ಅಲ್ಲೀತನಾ ಮಡಚಿ ಕಿಸೇದಾಗ ಇಟಗೋರಿ."

ಸಲಹೆ ಚೆನ್ನಾಗಿತ್ತು. ಆದರೆ ಡಾಕ್ಟರ್ ವಿಜಯಲಕ್ಷ್ಮಿ ತಮ್ಮನ ಮದುವೆಗೆಂದು ಸಿಂದಗಿಗೆ ಹೋಗಿದ್ದಳು, ಬರುವುದು ಮುಂದಿನ ಶನಿವಾರ. ಅಲ್ಲಿಯತನಕ ಮಡಚಿ ಇಡಬೇಕಾದದ್ದು ಬರೀ ಕಾಗದವಾಗಿದ್ದರೆ ಮಾಸ್ತರರು ಇಟ್ಟಾರು. ಕಾಮಣಿ, ಅಂದರೆ ಕಾಮಾಲೆ, ಎಂಬ ಹೆಸರು ಮಡಚುವಂಥದಲ್ಲ. ಅವರ ಅಣ್ಣ ಶೇಷಗಿರಿ ಒಂದು ಮಾಘಮಾಸದಲ್ಲಿ ಕಣ್ಣು ಹಳದಿ ಮಾಡಿಕೊಂಡು ಹಾಸಿಗೆ ಹಿಡಿದ. ಯುಗಾದಿಯ ಬೇವು-ಬೆಲ್ಲ ಅವನಿಗೆ ಸಿಕ್ಕಿರಲಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಬೆಳಿಗ್ಗೆ ಏಳುವಾಗ ತಲೆ ಸುತ್ತುತ್ತದೆ ಅಂತ ಮಾಸ್ತರರು ಹೋದಾಗ ವಿಜಯಲಕ್ಷ್ಮಿ ಬಿ.ಪಿ. ನೋಡಿ, ಸಕ್ಕರೆಯೊಂದನ್ನು ಪರೀಕ್ಷೆ ಮಾಡಿಸಿ ಎಂದಷ್ಟೇ ಬರೆದಿದ್ದಳು. ಲ್ಯಾಬಿನ ಗೋಡೆಯ ಮೇಲೆ 'ಸಂಪೂರ್ಣ ದೇಹ ತಪಾಸಣೆ' ಎಂಬ ಹೊಸ ಬೋರ್ಡು ಕಂಡಿತು. ಹೇಗೂ ಸೂಜಿ ಚುಚ್ಚಿಸಿಕೊಳ್ಳುವುದಿದೆ, ಒಂದೇ ಪ್ರಶ್ನೆಗೆ ಯಾಕೆ ಪರೀಕ್ಷೆಗೆ ಕೂರಬೇಕು, ಪೂರ್ತಿ ಪೇಪರನ್ನೇ ಬರೆದುಬಿಡೋಣ ಎಂದು ಅವರು ಸ್ವಂತ ಹುಮ್ಮಸ್ಸಿನಿಂದ ಇಪ್ಪತ್ತು ಬಗೆಯ ತಪಾಸಣೆ ಮಾಡಿಸಿದರು. ಸಕ್ಕರೆ ನಿರ್ಮಲವಾಗಿ, ಚುಕ್ಕಿಯಿಲ್ಲದೆ ಬಂದಿತ್ತು. ಅದರ ಕಡೆ ಅವರು ಕಣ್ಣೆತ್ತಿ ನೋಡಲಿಲ್ಲ.

ಮನೆಗೆ ಬಂದವರೇ ಕನ್ನಡಿ ಹಿಡಿದರು. ಟ್ಯೂಬ್‌ಲೈಟಿನ ಕೆಳಗೆ ಕಣ್ಣು ಬಿಳಿ. ಅಂಗಳದ ಬಿಸಿಲಿಗೆ ಬಂದರೆ ತುಸು ಹಳದಿ. ಒಳಗೆ ಬಂದರೆ ಬಿಳಿ. ಹೀಗೆ ಮಧ್ಯಾಹ್ನದವರೆಗೆ ಒಳಗೂ ಹೊರಗೂ ಓಡಾಡಿದ್ದನ್ನು ನೋಡಿ ಹೆಂಡತಿ ತುಳಸೀಬಾಯಿ, ಏನು ಕಳೆದದೆ ಎಂದು ಕೇಳಿದಳು. ವಿಷಯ ತಿಳಿದ ಮೇಲೆ ತಾನೂ ಅವರ ಕಣ್ಣರೆಪ್ಪೆ ಎಳೆದು ನೋಡಿದಳು. ನೋಡಿ ಏನೂ ಹೇಳಲಿಲ್ಲ. ಆಕೆ ಏನೂ ಹೇಳದಿದ್ದದ್ದೇ ಮಾಸ್ತರರಿಗೆ ನಾಲ್ಕನೆಯ ಚುಕ್ಕಿಯಾಯಿತು.

ಆ ದಿನದಿಂದ ಅವರು ಪಥ್ಯ ಹಿಡಿದರು. ಪಥ್ಯವನ್ನು ಯಾರೂ ಹೇಳಿರಲಿಲ್ಲ. ಅಣ್ಣನಿಗೆ ಮಾಡಿದ್ದು ನೆನಪಿತ್ತು. ಎಣ್ಣೆ ಇಲ್ಲ, ಖಾರ ಇಲ್ಲ, ತುಪ್ಪ ದೂರ, ಮಜ್ಜಿಗೆ ಸಂಶಯ. ರೊಟ್ಟಿ ಲಿವರಿಗೆ ಭಾರವಾದೀತೆಂದು ಅದನ್ನೂ ಬಿಟ್ಟರು. ಉಳಿದದ್ದು ಅಕ್ಕಿಯ ತೆಳು ಗಂಜಿ, ಅದೂ ಮುಂಜಾನೆ ಒಂದು ಬಟ್ಟಲು, ಸಂಜೆ ಅರ್ಧ. ರಾತ್ರಿ ಹಸಿವಾಗಿ ಎಚ್ಚರಾದರೆ, ರೋಗ ಒಳಗೆ ಕೆಲಸ ನಡೆಸಿದೆ ಎಂದು ತಿಳಿದು ಮಗ್ಗುಲು ಬದಲಿಸುತ್ತಿದ್ದರು. ತುಳಸೀಬಾಯಿ ಬದನೆಕಾಯಿ ಎಣ್ಣೆಗಾಯಿ ಮಾಡಿದ ದಿನ ಮೂಗಿಗೆ ಧೋತರದ ಚುಂಗು ಹಿಡಿದು ಪಡಸಾಲೆಯಲ್ಲಿ ಕೂತರು.

ಔಷಧದಂಗಡಿಯ ಅನಿಲ ರಿಪೋರ್ಟು ನೋಡಿ ಲಿವರ್ ಟಾನಿಕ್ಕಿನ ಬಾಟಲಿ ಕೊಟ್ಟ. ಪೋಸ್ಟಿನಲ್ಲಿದ್ದ ಹಳೆಯ ಸ್ನೇಹಿತರೊಬ್ಬರು, ಇದು ಏನೂ ಅಲ್ಲ ಅಂತ ಹೇಳಿ, ತಮ್ಮ ಷಡ್ಡಕನಿಗೂ ಮೊದಲು ಏನೂ ಅಲ್ಲ ಅಂತಲೇ ಹೇಳಿದ್ದರು ಎಂದು ಸೇರಿಸಿದರು. ಹಿತ್ತಲ ಮನೆಯ ರೇವವ್ವ ಮಾತ್ರ ಒಂದು ನಿಶ್ಚಿತವಾದ ದಾರಿ ತೋರಿಸಿದಳು. ಹೊಳೆಯಾಚೆ ಪರಪ್ಪ ಅಂತ ಒಬ್ಬ ಮುದುಕ ಇದ್ದಾನೆ, ರವಿವಾರ ಮುಂಜಾನೆ ಕಾಮಣಿಗೆ ಬರೆ ಹಾಕುತ್ತಾನೆ. ಕಾದ ತಂತಿ, ಎರಡೂ ಮುಂಗೈಗೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು, ಹಾಕಿಸಿಕೊಂಡು ಹೊರಳಿ ನೋಡದೆ ಬರಬೇಕು.

"ತಂತಿ ಮುಟ್ಟಿದ್ದೊಂದ ಗೊತ್ತಾಗತೈತಿ ಬಾಯಾರ, ಮೂರನೇ ದಿನಕ್ಕ ಕಣ್ಣು ಮಲ್ಲಿಗಿ ಆಕ್ಕಾವು," ಎಂದಳು ತುಳಸೀಬಾಯಿಗೆ. "ನಮ್ಮ ಭಾವ ಹೆದರಿ ಹೋಗಲಿಲ್ಲ. ಈಗ ಫೋಟೋದಾಗ ಅದಾನ."

ಮಾಸ್ತರರು ಅದನ್ನು ಕೇಳಿ ನಕ್ಕರು. ಮೂಢನಂಬಿಕೆಯ ವಿರುದ್ಧ ಸಾಲಿಯಲ್ಲಿ ಭಾಷಣ ಮಾಡಿದವರು ಅವರು. ನಕ್ಕು ಮುಗಿಸಿದ ಮೇಲೆ, ಪರಪ್ಪನ ಊರಿಗೆ ಬಸ್ಸು ಎಷ್ಟಕ್ಕಿದೆ ಎಂದು ಕೇಳಿದರು.

ಆದರೆ ಗಣಿತದ ಮನುಷ್ಯ ಒಂದೇ ಆಧಾರದ ಮೇಲೆ ಕೈ ಸುಟ್ಟುಕೊಳ್ಳುವುದು ಹೇಗೆ? ಅವರು ಗುರುವಾರ ಬೆಳಗಿನ ಬಸ್ಸು ಹಿಡಿದು ಬಿಜಾಪುರಕ್ಕೆ ಹೋಗಿ, ದೊಡ್ಡದೊಂದು ಲ್ಯಾಬಿನಲ್ಲಿ ಲಿವರಿನ ತಪಾಸಣೆ ಮತ್ತೊಮ್ಮೆ ಮಾಡಿಸಿದರು. ಹಿಂದಿನ ದಿನ ಗಂಜಿಯನ್ನೂ ಬಿಟ್ಟಿದ್ದರು. ಲ್ಯಾಬಿನವರು ಖಾಲಿ ಹೊಟ್ಟೆ ಕೇಳುತ್ತಾರೆ, ಕೊಡುವುದಾದರೆ ಪೂರ್ತಿ ಕೊಡಬೇಕು. ಸಂಜೆ ರಿಪೋರ್ಟು ಬಂತು. ಬಿಲಿರುಬಿನ್ ಮೂರು. ಆ ಲ್ಯಾಬಿನ ಮಿತಿ ಒಂದು.

ಬಾಗೇವಾಡಿಯಲ್ಲಿ ಎರಡು ಪಟ್ಟು, ಬಿಜಾಪುರದಲ್ಲಿ ಮೂರು ಪಟ್ಟು.

ವಾಪಸು ಬರುವ ಬಸ್ಸಿನಲ್ಲಿ ಅವರಿಗೆ ಕಿಟಕಿಯ ಹೊರಗಿನ ಯಾವ ಹೊಲವೂ ಕಾಣಲಿಲ್ಲ. ಮನೆಗೆ ಬಂದು ಹಳೆಯ ಗ್ರಾಫ್ ಹಾಳೆಯೊಂದನ್ನು ಹುಡುಕಿ ತೆಗೆದರು. ಅಡ್ಡಕ್ಕೆ ದಿನ, ಉದ್ದಕ್ಕೆ ಪಟ್ಟು. ಎರಡು ಬಿಂದು ಇಟ್ಟು ಗೆರೆ ಎಳೆದರು. ಗೆರೆ ಮೇಲಕ್ಕೆ ಹೋಯಿತು. ಅದು ಹಾಳೆಯ ತುದಿಯನ್ನು ಮುಟ್ಟಿದ ಜಾಗದಿಂದ ಪೆನ್ಸಿಲನ್ನು ಕೆಳಗಿಳಿಸಿ ನೋಡಿದರೆ ಹೆಚ್ಚು ಕಡಿಮೆ ದೀಪಾವಳಿ. ತುಳಸೀಬಾಯಿಗೆ ತೋರಿಸಲಿಲ್ಲ. ರವಿವಾರ ರೇವವ್ವನ ಸಂಗಡ ಹೋಗಿ ಬರುತ್ತೇನೆ ಎಂದಷ್ಟೇ ಹೇಳಿದರು.

"ಭಾಷಣಾ ಮಾಡೋ ಮುಂದ ಈ ಬುದ್ಧಿ ಎಲ್ಲಿಟ್ಟಿದ್ರಿ?" ಎಂದಳು ಆಕೆ. "ಶನಿವಾರ ಆ ಹುಡಿಗಿ ಬರ್ತಾಳ. ಮೊದಲ ಅಕಿ ಕಡೆ ಹೋಗ್ರಿ. ಆಮ್ಯಾಲೆ ಬೇಕಾದ್ರ ಎರಡೂ ಕೈ ಸುಡಸ್ಕೊಳ್ರಿ, ನಾ ಲೋಳಸರ ತಂದಿಟ್ಟಿರತೇನಿ."

ಆ ಹುಡುಗಿ ಅಂದರೆ ವಿಜಯಲಕ್ಷ್ಮಿ. ನಿಡಗುಂದಿಯಲ್ಲಿ ಎರಡನೆಯ ಬೆಂಚಿನಲ್ಲಿ ಕೂತು ಮಾಸ್ತರರ ಕೈಯಲ್ಲಿ ಬೀಜಗಣಿತ ಕಲಿತವಳು. ಶನಿವಾರ ಸಂಜೆ ದವಾಖಾನೆಯಲ್ಲಿ ಆಕೆಯ ಎದುರಿಗಿನ ಸ್ಟೂಲಿನ ಮೇಲೆ ಕೂತಾಗ, ನೀನು ಅನ್ನಬೇಕೋ ನೀವು ಅನ್ನಬೇಕೋ ತಿಳಿಯದೆ ಮಾಸ್ತರರು ಕ್ರಿಯಾಪದಗಳನ್ನೇ ನುಂಗತೊಡಗಿದರು. ಎರಡು ರಿಪೋರ್ಟನ್ನೂ, ಕೊನೆಗೆ ತುಸು ಸಂಕೋಚದಿಂದ ಗ್ರಾಫನ್ನೂ ಮೇಜಿನ ಮೇಲಿಟ್ಟರು.

ವಿಜಯಲಕ್ಷ್ಮಿ ಮೊದಲು ಗ್ರಾಫನ್ನೇ ನೋಡಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮಿದಳು.

"ಮಿತಿ ಬ್ಯಾರೆ ಬ್ಯಾರೆ ಅದಾವಲ್ರಿ ಸರ್. ಎರಡು ಲ್ಯಾಬು, ಎರಡು ಮಷೀನು. ಭಾಗಲಬ್ಧ ಯಾಕ ಹೋಲಸ್ತೀರಿ?"

ಅದು ಮಾಸ್ತರರಿಗೆ ಚುಚ್ಚಿತು. ಬೇರೆ ಬೇರೆ ಛೇದವುಳ್ಳ ಭಿನ್ನರಾಶಿಯನ್ನು ನೇರವಾಗಿ ಹೋಲಿಸಿದ ಹುಡುಗರನ್ನು ಅವರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆದರೂ ಎರಡು ಪಾಯಿಂಟ್ ನಾಲ್ಕು ಮೂರಾದದ್ದು ಸುಳ್ಳೇ ಎಂದು ಕೇಳಿದರು. ಸುಳ್ಳಲ್ಲ, ಏರಿದೆ, ಎಂದಳು ಆಕೆ.

ಆಕೆ ಅವರನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕಣ್ಣು ನೋಡಿದಳು. ಮಲಗಿಸಿ ಹೊಟ್ಟೆಯ ಬಲಮಗ್ಗುಲು ಒತ್ತಿ ಲಿವರನ್ನೂ ಎಡಮಗ್ಗುಲು ಒತ್ತಿ ಗುಲ್ಮವನ್ನೂ ಹುಡುಕಿದಳು. ಎರಡೂ ಕೈಗೆ ಸಿಗಲಿಲ್ಲ, ಸಿಗಬಾರದೂ ಕೂಡ. ಮೈ ತುರಿಸುತ್ತದೆಯೇ, ಮೂತ್ರ ಚಹಾದ ಬಣ್ಣವಾಗಿದೆಯೇ, ಮಲ ಬಿಳುಚಿದೆಯೇ, ಏನಾದರೂ ಹೊಸ ಗುಳಿಗೆ ನುಂಗುತ್ತಿದ್ದೀರಾ ಎಂದು ಕೇಳಿದಳು. ಮೊದಲಿನ ಮೂರಕ್ಕೂ ಇಲ್ಲ. ಗುಳಿಗೆ ಇಲ್ಲ, ಅನಿಲನ ಟಾನಿಕ್ ಮಾತ್ರ ಇದೆ. ಅದನ್ನು ಬಿಡಿ ಎಂದಳು. ಅಣ್ಣನ ವಿಷಯ ಕೇಳಿದಾಗ ಮಾಸ್ತರರ ದನಿ ಸಣ್ಣದಾಯಿತು. ಶೇಷಗಿರಿ ರಾತ್ರಿಯಿಡೀ ಮೈ ಕೆರೆದುಕೊಳ್ಳುತ್ತಿದ್ದ, ಮೂತ್ರ ಕೆಂಪಗೆ ಹೋಗುತ್ತಿತ್ತು, ಮಿರಜಿನ ಡಾಕ್ಟರು ಪಿತ್ತದ ದಾರಿಯಲ್ಲಿ ಗಡ್ಡೆ ಅಂದಿದ್ದರು.

ಆಗ ಆಕೆ ಪೆನ್ನು ತೆಗೆದುಕೊಂಡು ಬಾಗೇವಾಡಿಯ ರಿಪೋರ್ಟಿನಲ್ಲಿ, ಚುಕ್ಕಿಯಿಲ್ಲದ ಸಾಲುಗಳಿಗೆ ಗೆರೆ ಎಳೆಯುತ್ತ ಹೋದಳು. ಇಲ್ಲಿಯತನಕ ಮಾಸ್ತರರು ಆ ಸಾಲುಗಳನ್ನು ಓದಿಯೇ ಇರಲಿಲ್ಲ.

"ಬಿಲಿರುಬಿನ್ನಿನಾಗ ಎರಡು ಥರಾ ಐತ್ರಿ. ಲಿವರಿಗೆ ಹೋಗಿ ತಯಾರಾಗಿ ಬಂದದ್ದು ಡೈರೆಕ್ಟ್, ಇನ್ನೂ ಹೋಗದ್ದು ಇನ್‌ಡೈರೆಕ್ಟ್. ಪಿತ್ತದ ದಾರಿ ಕಟ್ಟಿದ್ರ ತಯಾರಾದದ್ದು ಹೊರಗ ಹೋಗಾಕ ಆಗದ ರಕ್ತಕ್ಕ ವಾಪಸ್ ಬರತೈತಿ, ಡೈರೆಕ್ಟ್ ಏರತೈತಿ. ನಿಮ್ಮ ಅಣ್ಣಾರದು ಹಂಗ ಆಗಿರಬೇಕು. ನಿಮ್ಮ ಡೈರೆಕ್ಟ್ ನೋಡ್ರಿ, ಎರಡೂ ರಿಪೋರ್ಟಿನಾಗ ಪಾಯಿಂಟ್ ಮೂರು, ಮಿತಿಯೊಳಗ. ಏರಿದ್ದೆಲ್ಲಾ ಇನ್‌ಡೈರೆಕ್ಟ್. ಲಿವರಿಗೆ ಪೆಟ್ಟು ಬಿದ್ದಿದ್ರ ಈ ಎಸ್‌ಜಿಪಿಟಿ ಜಿಗೀತಿತ್ತು, ಅದು ಸುಮ್ಮನ ಕುಂತೈತಿ. ಪಿತ್ತದ ದಾರಿ ಕಟ್ಟಿದ್ರ ಏರೋ ಆಲ್ಕಲೈನ್ ಫಾಸ್ಫಟೇಸೂ ಬರೋಬ್ಬರಿ. ಹಿಮೋಗ್ಲೋಬಿನ್ ಛಲೋ ಐತಿ, ಅಂದ್ರ ರಕ್ತದ ಕಣ ಒಡದು ಹಳದಿ ಹೆಚ್ಚಾಗೇತಿ ಅನ್ನೋ ಸಂಶೇನೂ ಕಡಿಮಿ."

"ಹಂಗಾದ್ರ ಏರಿದ್ದ್ಯಾಕ?"

ಆಕೆ ಮೊದಲಿನ ರಿಪೋರ್ಟಿನ ತಾರೀಖಿನ ಮೇಲೆ ಬೆರಳಿಟ್ಟು, ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡಿ, ಆ ದಿನ ಮುಂಜಾನೆ ಏನು ತಿಂದಿದ್ದಿರಿ ಎಂದು ಕೇಳಿದಳು.

ಈ ಪ್ರಶ್ನೆಗೆ ಮಾಸ್ತರರು ಮೊದಲ ಬಾರಿ ನೆಟ್ಟಗೆ ಕೂತರು. ತಿನ್ನುವುದೆಲ್ಲಿ ಬಂತು? ಲ್ಯಾಬಿನವರು ಹನ್ನೆರಡು ತಾಸು ಉಪವಾಸ ಕೇಳಿದ್ದರು. ಮಾಡುವುದಾದರೆ ಶಾಸ್ತ್ರೋಕ್ತವಾಗಿ ಮಾಡಬೇಕೆಂದು ಅವರು ದ್ವಾದಶಿಯ ದಿನವನ್ನೇ ಆರಿಸಿಕೊಂಡಿದ್ದರು. ದಶಮಿಯ ಮಧ್ಯಾಹ್ನ ಒಂದು ಊಟ, ಏಕಾದಶಿ ನಿರ್ಜಲ, ದ್ವಾದಶಿಯ ಬೆಳಿಗ್ಗೆ ಪಾರಣೆಗೂ ಮೊದಲು ರಕ್ತ. ಖಾಲಿ ಹೊಟ್ಟೆ ಹೌದೇನ್ರಿ ಎಂದು ದಾವಲಮಲಿಕ ಕೇಳಿದ್ದಕ್ಕೆ, ಪೂರಾ ಖಾಲಿ ಎಂದು ಹೆಮ್ಮೆಯಿಂದ ಹೇಳಿದ್ದರು. ಅವನು ಪಾಪ, ರಾತ್ರಿಯ ಊಟದಿಂದೀಚೆಗಿನ ಖಾಲಿ ಎಂದು ತಿಳಿದ.

ವಿಜಯಲಕ್ಷ್ಮಿ ಪೆನ್ನು ಕೆಳಗಿಟ್ಟಳು.

"ಹನ್ನೆರಡು ತಾಸು ಕೇಳಿದ್ರ ನಲವತ್ತು ತಾಸು ಕೊಟ್ಟೀರಿ. ನೀರೂ ಕುಡದಿಲ್ಲ, ಅದಕ್ಕ ಯೂರಿಯಾ ಏರೇತಿ. ಬಿಜಾಪುರಕ್ಕ ಹೋಗೋ ಮುಂದ?"

ಗಂಜಿಯ ಕಥೆ ಹೊರಬಿತ್ತು. ಹಿಂದಿನ ದಿನ ಗಂಜಿಯನ್ನೂ ಬಿಟ್ಟ ಕಥೆಯೂ ಹೊರಬಿತ್ತು. ಹೇಳುತ್ತ ಹೇಳುತ್ತ ಮಾಸ್ತರರಿಗೇ ಲೆಕ್ಕ ಎಲ್ಲಿ ಹೋಗಿ ನಿಲ್ಲುತ್ತದೆಂಬುದು ಕಾಣತೊಡಗಿ, ದನಿ ಕಡೆಯ ಸಾಲಿನ ಹುಡುಗನದಾಯಿತು.

ಕೆಲವರ ಲಿವರು, ಆಕೆ ವಿವರಿಸಿದಳು, ಹುಟ್ಟಿನಿಂದಲೇ ಈ ಒಂದು ಕೆಲಸದಲ್ಲಿ ತುಸು ಸಾವಕಾಶ. ರಕ್ತದಲ್ಲಿನ ಹಳದಿಯನ್ನು ತೊಳೆಯುತ್ತದೆ, ಆದರೆ ಅವಸರ ಮಾಡುವುದಿಲ್ಲ. ಉಪವಾಸ ಮಾಡಿದರೆ, ಜ್ವರ ಬಂದರೆ, ನಿದ್ದೆಗೆಟ್ಟರೆ ಅದು ಇನ್ನೂ ನಿಧಾನವಾಗುತ್ತದೆ, ಹಳದಿ ಏರುತ್ತದೆ, ಉಂಡರೆ ಇಳಿಯುತ್ತದೆ. ಗಿಲ್ಬರ್ಟ್ ಅಂತ ಹೆಸರಿಟ್ಟಿದ್ದಾರೆ. ನೂರು ಮಂದಿಯಲ್ಲಿ ನಾಲ್ಕೈದು ಜನಕ್ಕಾದರೂ ಇರುತ್ತದೆ, ಬಹಳ ಜನಕ್ಕೆ ಇರುವುದೇ ಗೊತ್ತಿರುವುದಿಲ್ಲ, ಅದರಿಂದ ಯಾರ ಲಿವರೂ ಕೆಡುವುದಿಲ್ಲ. ಚಿಕ್ಕಂದಿನಲ್ಲಿ ಯಾರಾದರೂ ಕಣ್ಣು ಹಳದಿ ಅಂದದ್ದು ನೆನಪಿದೆಯೇ?

ನೆನಪಿತ್ತು. ಮುಂಜಿವೆಯಾದ ಹೊಸದರಲ್ಲಿ ಏಕಾದಶಿ ಮಾಡಿದ ಮರುದಿನ ತಾಯಿ ಮುಖ ನೋಡಿ, ಹುಡುಗನ ಕಣ್ಣಿಗೆ ತೇಜಸ್ಸು ಬಂದದೆ ಎಂದು ನೆರೆಹೊರೆಗೆ ಹೇಳಿಕೊಂಡು ತಿರುಗಿದ್ದಳು.

"ಅದು ತೇಜಸ್ಸಲ್ಲರಿ, ಇನ್‌ಡೈರೆಕ್ಟ್ ಬಿಲಿರುಬಿನ್," ಎಂದಳು ವಿಜಯಲಕ್ಷ್ಮಿ. "ಆದ್ರ ನಾ ಈಗ ಖಾತ್ರಿ ಹೇಳಾಂಗಿಲ್ಲ. ಇವತ್ತಿಂದ ಎಂದಿನಂಗ ಊಟಾ ಮಾಡ್ರಿ, ರೊಟ್ಟಿ, ಎಣ್ಣಿ, ತುಪ್ಪ, ಎಲ್ಲಾ. ಬರೋ ಶುಕ್ರವಾರ ರಾತ್ರಿ ಉಂಡು ಮಲಗಿ, ಮುಂಜಾನೆ ಎದ್ದು ರಕ್ತ ಕೊಡ್ರಿ. ರಕ್ತ ಒಡಿಯೋದಿಲ್ಲ ಅನ್ನೋದಕ್ಕೂ ಒಂದು ಟೆಸ್ಟ್ ಬರದೇನಿ. ಆಮ್ಯಾಲೆ ನೋಡೂಣು."

ಖಾತ್ರಿ ಇಲ್ಲ ಎಂಬ ಮಾತೊಂದು ಅವರ ಕಿವಿಯಲ್ಲಿ ಉಳಿಯಿತು. ಏಳುವಾಗ, ಇಯೋಸಿನೋಫಿಲ್ಲಿನ ಏಳರ ಬಗ್ಗೆ ಕೇಳಿದರು. ಸುಗ್ಗಿಯ ದೂಳಿಗೆ ಸೀನುವವರ ಊರಲ್ಲಿ ಏಳಕ್ಕೆ ಯಾರೂ ಹೆದರುವುದಿಲ್ಲ ಎಂದು ಆಕೆ ಕೈಯಾಡಿಸಿ, ಆಮೇಲೆ ಏನೋ ಹೊಳೆದಂತೆ ಅವರನ್ನು ಮತ್ತೆ ಕೂರಿಸಿದಳು.

"ಸರ್, ಈ ಮಿತಿ ಹೆಂಗ ಮಾಡ್ತಾರ ಗೊತ್ತೈತೇನ್ರಿ? ಗಟ್ಟಿಮುಟ್ಟಾದ ನೂರು ಮಂದಿನ್ನ ತಪಾಸಣಿ ಮಾಡಿ, ನಡುವಿನ ತೊಂಬತ್ತೈದು ಮಂದಿ ಅಂಕಿ ಹಿಡೀತಾರ. ಆ ತುದಿ ಈ ತುದಿ ಉಳದ ಐದು ಮಂದಿನೂ ಗಟ್ಟಿಮುಟ್ಟಾದವ್ರ. ಅವ್ರಿಗೂ ಚುಕ್ಕಿ ಬೀಳತೈತಿ. ನೀವು ನಾ ಬರದದ್ದು ಒಂದು ಬಿಟ್ಟು ಇಪ್ಪತ್ತು ಮಾಡಿಸೀರಿ. ಒಂದಾದ್ರೂ ಚುಕ್ಕಿ ಬೀಳೋ ಸಂಭವ ಎಷ್ಟು? ನೀವ ಹೇಳಕೊಟ್ಟ ಲೆಕ್ಕ."

ಮಾಸ್ತರರು ರಿಪೋರ್ಟಿನ ಬೆನ್ನ ಮೇಲೆ ಅಲ್ಲೇ ಲೆಕ್ಕ ಹಿಡಿದರು. ಪಾಯಿಂಟ್ ತೊಂಬತ್ತೈದರ ಇಪ್ಪತ್ತನೆಯ ಘಾತ. ಲಾಗರಿದಮ್ ಕೋಷ್ಟಕ ಅವರ ತಲೆಯಲ್ಲೇ ಇತ್ತು. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ತಪಾಸಣೆ ಎಂದು ಹಿಡಿದರೆ, ಏನೂ ರೋಗವಿಲ್ಲದ ನೂರು ಮಂದಿಯಲ್ಲಿ ಅರವತ್ನಾಲ್ಕು ಮಂದಿ ಒಂದಾದರೂ ಚುಕ್ಕಿ ಹೊತ್ತು ಮನೆಗೆ ಹೋಗುತ್ತಾರೆ. ಇಂಥ ಪರೀಕ್ಷೆಯನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ.

ಆ ರಾತ್ರಿ ತುಳಸೀಬಾಯಿ ಬಡಿಸಿದ ರೊಟ್ಟಿ, ಎಣ್ಣೆಗಾಯಿಯನ್ನು ಅವರು ಒಂದೊಂದು ತುತ್ತಿಗೂ ಒಳಗಿನ ಸದ್ದು ಕೇಳುವಂತೆ ನಿಧಾನವಾಗಿ ಉಂಡರು. ಉಂಡು ಮಲಗಿದ ಮೇಲೆ ಹೊಸ ಕಳವಳ ಹತ್ತಿತು. ಆಕೆ ಖಾತ್ರಿ ಹೇಳಲಿಲ್ಲ. ಪರಪ್ಪ ಖಾತ್ರಿ ಹೇಳುತ್ತಾನೆ. ಎರಡನ್ನೂ ಮಾಡಿದರೆ ಏನು ನಷ್ಟ? ಬರೀ ಎರಡು ಬರೆ. ಶನಿವಾರದವರೆಗೆ ಕಾಯುವುದಕ್ಕಿಂತ ಸುಡಿಸಿಕೊಳ್ಳುವುದು ಹಗುರ ಎನ್ನಿಸಿತು. ಸುಡಿಸಿಕೊಂಡ ಮೇಲೆ ಹಳದಿ ಇಳಿದರೆ ಇಳಿಸಿದ್ದು ರೊಟ್ಟಿಯೋ ತಂತಿಯೋ ಎಂದು ಹೇಳುವುದು ಹೇಗೆ ಎಂಬ ಪ್ರಶ್ನೆ ಆಮೇಲೆ ಬಂತು. ಒಂದೇ ಸಮೀಕರಣ, ಎರಡು ಅವ್ಯಕ್ತ. ಬಿಡಿಸಲು ಬರುವುದಿಲ್ಲ. ತಂತಿ ಹಾಕಿಸಿಕೊಂಡರೆ ಉಳಿದ ಆಯುಷ್ಯವೆಲ್ಲ ಪರಪ್ಪನಿಗೆ ನಮಸ್ಕಾರ ಮಾಡುತ್ತ, ಒಳಗೊಳಗೇ ಸಂಶಯಪಡುತ್ತ ಬದುಕಬೇಕು.

ರವಿವಾರ ಬೆಳಕು ಹರಿಯುವ ಮುಂಚೆ ಅವರು ಅಡುಗೆಮನೆಗೆ ಹೋಗಿ ಡಬ್ಬಿ ತಡಕಾಡಿದರು. ರೇವವ್ವ ತಲೆಗೆ ಸೆರಗು ಹೊದ್ದು, ಕೈಯಲ್ಲಿ ಚೀಲ ಹಿಡಿದು ಬಂದಾಗ ಮಾಸ್ತರರು ಪಡಸಾಲೆಯಲ್ಲಿ ತಾಟು ಮುಂದಿಟ್ಟುಕೊಂಡು ಕೂತಿದ್ದರು. ಬಾಯಿ ತುಂಬ ಹಚ್ಚಿದ ಅವಲಕ್ಕಿ.

"ಮಾಸ್ತರ್ರ, ಖಾಲಿ ಹೊಟ್ಟಿ ಅಂದಿದ್ದೆ."

ಅವರು ನುಂಗಿ, ನೀರು ಕುಡಿದು, "ನಡದು ಹೋತವಾ ತಪ್ಪು," ಎಂದರು.

ಬರುವ ರವಿವಾರ ಹೋಗೋಣ ಎಂದು ರೇವವ್ವ ಗೊಣಗುತ್ತ ಹೋದಳು. ಒಳಗಿನಿಂದ ತುಳಸೀಬಾಯಿ ಬಂದು ಅವಲಕ್ಕಿಯ ಮೇಲೆ ಇನ್ನಷ್ಟು ಶೇಂಗಾ ಹಾಕಿ ಹೋದಳು.

ಶನಿವಾರದ ರಿಪೋರ್ಟನ್ನು ಮಾಸ್ತರರು ಈ ಸಲ ಲ್ಯಾಬಿನ ಬಾಗಿಲಲ್ಲಿ ಓದಲಿಲ್ಲ. ದಾವಲಮಲಿಕನಿಗೆ ಮಡಚಿಯೇ ಕೊಡಲು ಹೇಳಿ, ಕಿಸೆಯಲ್ಲಿಟ್ಟುಕೊಂಡು, ಕಿಸೆಯ ಮೇಲೆ ಕೈಯಿಟ್ಟುಕೊಂಡು ದವಾಖಾನೆಯವರೆಗೆ ನಡೆದರು. ವಿಜಯಲಕ್ಷ್ಮಿ ಬಿಚ್ಚಿ ನೋಡಿದಳು. ಯೂರಿಯಾ ಮಿತಿಯೊಳಗೆ. ರಕ್ತ ಒಡೆಯುವ ಗುರುತಿಲ್ಲ. ಡೈರೆಕ್ಟ್ ಇದ್ದಲ್ಲೇ ಇತ್ತು. ಬಿಲಿರುಬಿನ್ ಒಂದು ಪಾಯಿಂಟ್ ಐದು.

ಅದರ ಪಕ್ಕದಲ್ಲಿ ಚುಕ್ಕಿ ಹಾಗೆಯೇ ಇತ್ತು.

"ಇನ್ನೂ ಅದ," ಎಂದರು ಮಾಸ್ತರರು.

"ಇರತೈತ್ರಿ. ಇನ್ನ ಮುಂದ ಯಾವಾಗ ಮಾಡಿಸಿದ್ರೂ ಹೆಚ್ಚು ಕಡಿಮಿ ಇದ್ದ ಇರತೈತಿ. ಇದು ನಿಮ್ಮ ಚುಕ್ಕಿ. ಯಾರು ನೋಡಿ ಗಾಬರಿಯಾದ್ರೂ ಗಿಲ್ಬರ್ಟ್ ಅಂತ ಹೇಳ್ರಿ."

"ಅಂದ್ರ ನಾಪಾಸ ಅಲ್ಲೇನವಾ?"

"ನಾಪಾಸ್ ಅಲ್ಲರಿ. ಇದು ಪರೀಕ್ಷಾನ ಅಲ್ಲ." ಏಕಾದಶಿ ಬಿಡಬೇಕೇ ಎಂದು ಅವರು ಕೇಳಿದ್ದಕ್ಕೆ, ಬಿಡಬೇಕಾಗಿಲ್ಲ, ತಲೆ ಸುತ್ತುವವರು ನಿರ್ಜಲ ಮಾತ್ರ ಬೇಡ, ನೀರು ಕುಡಿಯಿರಿ, ದ್ವಾದಶಿಯ ದಿನ ದಾವಲಮಲಿಕನ ಓಣಿಗೆ ಹೋಗಬೇಡಿ ಎಂದಳು.

ಮನೆಗೆ ಬಂದು ಅವರು ಗ್ರಾಫಿನ ಮೇಲೆ ಮೂರನೆಯ ಬಿಂದು ಇಟ್ಟರು, ಈ ಸಲ ಪಟ್ಟು ಬಿಟ್ಟು ಅಂಕಿಯನ್ನೇ ಹಿಡಿದು, ಹಳೆಯ ಎರಡನ್ನೂ ತಿದ್ದಿ. ದೀಪಾವಳಿಯತ್ತ ಏರಿದ್ದ ಗೆರೆಯಿಂದ ಅದು ಬಹಳ ಕೆಳಗೆ ಬಿತ್ತು. ಸಮಾಧಾನವಾಯಿತು; ಪೂರ್ತಿ ಆಗಲಿಲ್ಲ. ಮಿತಿಯ ಗೆರೆಯನ್ನೂ ಎಳೆದು ನೋಡಿದರು. ಬಿಂದು ಅದರ ಮೇಲೆ, ಒಂದು ಬೆರಳಷ್ಟು ದೂರ, ಹೊರಗೆ ಕೂತಿತ್ತು. ಹೊರಗೆ ಇದ್ದೂ ಸರಿ ಇರಬಹುದೆಂಬುದನ್ನು ಒಪ್ಪುವುದು ಇಷ್ಟು ವರ್ಷ ಮೂವತ್ನಾಲ್ಕು ಕೊಟ್ಟ ಕೈಗೆ ಸುಲಭವಲ್ಲ.

ಮುಂದಿನ ಏಕಾದಶಿಗೆ ಅವರು ತುಳಸಿಯ ನೀರು ಕುಡಿದೇ ಉಪವಾಸ ಮಾಡಿದರು. ದ್ವಾದಶಿಯ ಬೆಳಿಗ್ಗೆ ಎದ್ದು ಮೊದಲು ಮಾಡಿದ ಕೆಲಸ ಕನ್ನಡಿ ಹುಡುಕಿದ್ದು. ಗೂಟದಲ್ಲಿ ಇರಲಿಲ್ಲ. ಗೋಡೆಯ ಮಾಡದಲ್ಲೂ ಇರಲಿಲ್ಲ.

"ಕನ್ನಡಿ ಎಲ್ಲಿ ಇಟ್ಟೀದಿ?"

"ಪಾರಣಿ ಆಗ್ಲಿ, ಕೊಡ್ತೇನಿ," ಎಂದಳು ತುಳಸೀಬಾಯಿ ಒಳಗಿನಿಂದ. "ಎಲಿ ಹಾಕೀನಿ, ಬರ್ರಿ."

ಮಾಸ್ತರರು ಅಂಗಳದ ಬಿಸಿಲನ್ನೂ ಅಡುಗೆಮನೆಯ ಬಾಗಿಲನ್ನೂ ಒಂದೊಂದು ಸಲ ನೋಡಿ, ಕೈ ತೊಳೆಯಲು ಹೋದರು.